ಒಂದೂವರೆ ಶೇಕಡಾದ ಸಾಲು

ಉಡುಪಿಯ ಹೋಟೆಲೊಂದಕ್ಕೆ ಮೆನು ವಿನ್ಯಾಸ ಮಾಡಿಕೊಟ್ಟ ಕಾಪುವಿನ ಬ್ರೆಂಡಾ, ತನ್ನ ಮೊದಲ ಇನ್‌ವಾಯ್ಸನ್ನು ಹೆದರಿ ಹೆದರಿಯೇ ಬರೆದಿದ್ದಳು. ಸಂಖ್ಯೆ 001. ಹದಿನೈದು ದಿನದೊಳಗೆ ಪಾವತಿ. ತಡವಾದರೆ ಬಾಕಿಯ ಮೇಲೆ ತಿಂಗಳಿಗೆ ಒಂದೂವರೆ ಶೇಕಡಾ ಶುಲ್ಕ. ಕೆಳಗೆ, ಕಾಲೇಜಿನ ದಿನಗಳ ಪಾಸ್‌ಬುಕ್ ನೋಡಿ ಬರೆದ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ.

ಗಡುವು ನಿನ್ನೆಗೆ ಮುಗಿದಿತ್ತು. ಹಣ ಬಂದಿರಲಿಲ್ಲ. ಶುಲ್ಕದ ಮಾತೇ ಹೋಟೆಲಿನವರನ್ನು ಕೆರಳಿಸಿತೇನೋ ಎಂದು ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಅಷ್ಟರಲ್ಲಿ ಹೋಟೆಲಿನ ಲೆಕ್ಕ ನೋಡುವ ಜಿತೇಶ್ ಫೋನು ಮಾಡಿದ.

"ಎಂತ ಬ್ರೆಂಡಾ, ನಿನ್ನೆ ದುಡ್ಡು ಹಾಕಲು ಹೋದರೆ ಹೋಗಲೇ ಇಲ್ಲ. ನಿಮ್ಮ ಬ್ಯಾಂಕು ಬೇರೆ ಬ್ಯಾಂಕಿಗೆ ಸೇರಿ ವರ್ಷಗಳಾಯಿತು. ಈ ಐಎಫ್‌ಎಸ್‌ಸಿ ಈಗ ಎಲ್ಲುಂಟು?"

ಬ್ರೆಂಡಾಳ ಕಿವಿ ಬಿಸಿಯಾಯಿತು. ತಪ್ಪು ತನ್ನದೇ!

"ಹೊಸ ಕೋಡ್ ಹಾಕಿ ಕಳಿಸಿ. ಸಂಖ್ಯೆ 001 ಇರಲಿ, ಮೇಲೆ 'ಪರಿಷ್ಕೃತ' ಅಂತ ಬರೆಯಿರಿ. ಹೊಸ ಸಂಖ್ಯೆ ಕೊಟ್ಟರೆ ನಮ್ಮಲ್ಲಿ ಎರಡು ಬಿಲ್ ಆಗುತ್ತದೆ."

"ಆ ಶುಲ್ಕದ ಸಾಲನ್ನು ತೆಗೆದುಬಿಡುತ್ತೇನೆ, ಜಿತೇಶಣ್ಣ."

"ಅಯ್ಯೋ ಮಾರಾಯ್ತಿ, ಅದನ್ನು ಮುಟ್ಟಬೇಡಿ! ಅದನ್ನು ನೋಡಿಯೇ ನಮ್ಮ ಧಣಿ ನಿನ್ನೆ ಚಹಾ ಕೂಡ ಕುಡಿಯದೆ ಪಾವತಿಗೆ ಸಹಿ ಹಾಕಿದ್ದು."