ಹಜೀರಾಬೀಯ ಚೀಲಕ್ಕೆ ಮೂರನೇ ಉದಾಹರಣೆ

ಮಂಡಕ್ಕಿಗೆ ತೆರಿಗೆ ಇಲ್ಲ, ಮಂಡಕ್ಕಿ ತುಂಬಿದ ಚೀಲಕ್ಕೆ ತೆರಿಗೆ ಉಂಟೋ ಇಲ್ಲವೋ ಎಂದು ದಾವಣಗೆರೆ ಪೇಟೆ ಮೂರು ವರ್ಷ ಜಗಳವಾಡಿತ್ತು. ಆ ಜಗಳದಲ್ಲಿ ಕುಡಿದ ಚಹಾ ಸುರಿದಿದ್ದರೆ ತುಂಗಭದ್ರೆಗೆ ಇನ್ನೊಂದು ಪ್ರವಾಹ ಬರುತ್ತಿತ್ತು. ಕಡೆಗೆ ತೊಂಬತ್ತೆಂಟರ ನವೆಂಬರಿನಲ್ಲಿ ಬೆಂಗಳೂರಿನ ತೆರಿಗೆ ಇಲಾಖೆಯ ದೊಡ್ಡ ಸಾಹೇಬರು ಸುತ್ತೋಲೆ ಹೊರಡಿಸಿದರು. ಆರು ಪುಟ, ಇಂಗ್ಲಿಷು. ಒಂದೊಂದು ವಾಕ್ಯವೂ ಹರಿಹರದಿಂದ ಹೊರಟು ಹುಬ್ಬಳ್ಳಿಯಲ್ಲಿ ಮುಗಿಯುವಷ್ಟು ಉದ್ದ.

ಅದನ್ನು ಮಂಡಕ್ಕಿ ಭಟ್ಟಿಯವರ ಸಂಘಕ್ಕೆ ಕನ್ನಡದಲ್ಲಿ ಚಿಕ್ಕದಾಗಿ ಬರೆದುಕೊಡುವ ಕೆಲಸ ರೂಪಶ್ರೀಯ ತಲೆಗೆ ಬಂತು. ಕೆ.ಬಿ. ಬಡಾವಣೆಯಲ್ಲಿ ಸೇಲ್ಸ್ ಟ್ಯಾಕ್ಸ್ ಕೇಸು ನೋಡುವ ಬಕ್ಕೇಶಪ್ಪನವರ ಆಫೀಸಿನಲ್ಲಿ ಅವಳು ಎರಡು ವರ್ಷದಿಂದ ಇದ್ದಳು. ಬಿ.ಕಾಂ. ಮೊದಲ ದರ್ಜೆ, ಸಂಬಳ ಮಾತ್ರ ಮೂರನೇ ದರ್ಜೆ.

ಎರಡು ದಿನ ಕೂತು ಎರಡು ಪುಟ ಬರೆದಳು. ನಿಯಮ ಒಂದೇ ಸಾಲಿನದು: ಸರಕು ಯಾವ ಚೀಲದಲ್ಲಿ ಹೋಗುತ್ತದೋ ಆ ಚೀಲಕ್ಕೂ ಸರಕಿನ ತೆರಿಗೆಯೇ. ಸರಕಿಗೆ ತೆರಿಗೆ ಇಲ್ಲದಿದ್ದರೆ ಚೀಲಕ್ಕೂ ಇಲ್ಲ. ಅದರ ಕೆಳಗೆ ಸುತ್ತೋಲೆಯ ಐದು ಉದಾಹರಣೆ. ಚೀಲದ ಬೆಲೆ ಸರಕಿನ ಬೆಲೆಯಲ್ಲೇ ಸೇರಿದ್ದರೆ ಸರಕಿನಂತೆಯೇ. ಅದೇ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿದ್ದರೂ ಹಾಗೆಯೇ. ಮೂರನೆಯದು, ಚೀಲಕ್ಕೆ ಬೇರೆಯೇ ಬಿಲ್ಲು ಹರಿದಿದ್ದರೂ ಸರಕು ಆ ಚೀಲದಲ್ಲೇ ಹೋಗಿದೆ ಎಂದು ವ್ಯಾಪಾರಿ ತೋರಿಸಿದರೆ ಹಾಗೆಯೇ. ನಾಲ್ಕನೆಯದು ಖಾಲಿ ಚೀಲವನ್ನೇ ಮಾರಿದರೆ ಚೀಲದ್ದೇ ತೆರಿಗೆ. ಐದು, ಗಿರಾಕಿ ತನ್ನ ಚೀಲ ತಂದರೆ ಅಲ್ಲಿ ಚೀಲದ ಮಾರಾಟವೇ ಇಲ್ಲ. ಕಡೆಗೆ ಏಳನೇ ಕಂಡಿಕೆ: ಇನ್ನೂ ಆದೇಶವಾಗದ ತೆರಿಗೆ ನಿರ್ಧಾರಗಳನ್ನೆಲ್ಲ ಹೀಗೆಯೇ ಮುಗಿಸಬೇಕು, ಆದೇಶವಾಗಿ ಮುಗಿದದ್ದನ್ನು ಈ ಸುತ್ತೋಲೆಯ ಕಾರಣಕ್ಕೆ ಮತ್ತೆ ತೆರೆಯುವಂತಿಲ್ಲ, ಅಪೀಲಿನಲ್ಲಿ ಇರುವುದನ್ನು ಅಪೀಲಿನವರೇ ನೋಡಿಕೊಳ್ಳುತ್ತಾರೆ.

ಬಕ್ಕೇಶಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಆ ಮೂಗು ಎಷ್ಟು ಉದ್ದವೆಂದರೆ ಕನ್ನಡಕ ತುದಿ ಮುಟ್ಟುವಷ್ಟರಲ್ಲಿ ರೂಪಶ್ರೀ ಒಂದು ಲೋಟ ನೀರು ಕುಡಿದು ಬರಬಹುದಿತ್ತು.

"ಏನವ್ವಾ ಇದು, ಪುರಾಣ ಬರ್ದೀಯ? ಪ್ರತಿ ತೆಗಿಯಾಕ ಸಂಘದೋರು ಒಂದೇ ಸ್ಟೆನ್ಸಿಲ್ ಕೊಟ್ಟಾರ. ಒಂದು ಪೇಜು, ಅಷ್ಟೇ."

"ಸರ್, ಒಂದು ಪೇಜಿಗೆ ಕೂಡಂಗಿಲ್ರಿ."

"ಕೂಡಂಗ ಮಾಡು. ಏಳನೇ ಪ್ಯಾರಾ ಬ್ಯಾಡ. ಹಳೇ ಕೇಸಿನೋರು ಹೆಂಗೂ ನಮ್ಮ ಹತ್ರನೇ ಬರ್ತಾರ." ಕೆಂಪು ಪೆನ್ನು ಏಳನೇ ಕಂಡಿಕೆಯ ಮೇಲೆ ಅಡ್ಡ ಬಿತ್ತು. "ಮೂರು ನಾಕು ಎರಡೂ ಬೇರೆ ಬಿಲ್ಲಿಂದು. ಕೂಡಿಸಿ ಒಂದು ಮಾಡು."

ರೂಪಶ್ರೀಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಕೂತು ಕೂಡಿಸಿದಳು: "ಚೀಲಕ್ಕೆ ಬೇರೆ ಬಿಲ್ಲು ಮಾಡಿದ್ದರೆ ಚೀಲದ ತೆರಿಗೆ ಅನ್ವಯಿಸುತ್ತದೆ." ಬರೆದ ಮೇಲೆ ಏನೋ ಕಚ್ಚಿದಂತಾಯಿತು. ಆದರೆ ಗಂಟೆ ಆರಾಗಿತ್ತು, ನಿಜಲಿಂಗಪ್ಪ ಬಡಾವಣೆಯ ಸಿಟಿ ಬಸ್ಸು ಹೊರಡುವುದರಲ್ಲಿತ್ತು. ಕಾಗದ ಕೊಟ್ಟು ಓಡಿದಳು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಹಜೀರಾಬೀ ಆಫೀಸಿಗೆ ಬಂದಳು. ಹರಿಹರದಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಅರವತ್ತರ ಹೆಂಗಸು. ಗಂಡ ಬುಡನ್ ಸಾಬ್ ತೀರಿಕೊಂಡ ಮೇಲೆ ಭಟ್ಟಿಯ ಬೆಂಕಿ ಒಂದು ದಿನವೂ ಆರಿರಲಿಲ್ಲ, ಅವಳ ಬಾಯಿಯೂ ಅಷ್ಟೇ. ಬಿಸಿ ಮಂಡಕ್ಕಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

"ತಿನ್ನು ತಂಗಿ, ಗಾಳಿ ಬಂದ್ರೆ ಹಾರಿಹೋಗಂಗಾಗೀಯ. ನಿಮ್ಮ ಸಾಹೇಬ್ರಿಗೆ ಹೇಳು, ನನ್ನ ತೊಂಬತ್ತಾರು ತೊಂಬತ್ತೇಳರ ಕೇಸು ನಾನೇ ಮುಗಿಸ್ಕಂಡೆ. ಫೀಸೂ ಇಲ್ಲ, ಗೀಸೂ ಇಲ್ಲ."

"ಹೆಂಗ್ ಮುಗಿಸಿದ್ರಿ ಅಮ್ಮಾ?"

"ಚೀಲಕ್ಕೆ ಎಂಟು ಸಾವಿರ ಚಿಲ್ಲರೆ ಟ್ಯಾಕ್ಸ್ ಹಾಕ್ತೀವಿ, ಬ್ಯಾಡಾದ್ರೆ ಹೇಳು ಅಂತ ನೋಟೀಸು ಬಂದಿತ್ತಲ್ಲ? ಸಂಘದ ಕಾಗದ ಓದಿಸ್ದೆ. ಬೇರೆ ಬಿಲ್ಲಾದ್ರೆ ಟ್ಯಾಕ್ಸ್ ಐತೆ ಅಂತ ಅದ್ರಾಗೆ ಚೊಲೋ ಬರದೈತೆ. ನನ್ನದು ಬೇರೆ ಬಿಲ್ಲೇ. ಸುಮ್ನೆ ಯಾಕ ಗುದ್ದಾಡೋದು? ಒಪ್ಪಿಗಿ ಐತೆ ಅಂತ ಸೈ ಮಾಡಿ ಸೋಮವಾರ ಕೊಟ್ಟುಬಂದೆ."

ರೂಪಶ್ರೀ ಪೊಟ್ಟಣ ಸರಿಸಿ ಸುತ್ತೋಲೆಯನ್ನು ಎಳೆದುಕೊಂಡಳು.

ಬೇರೆ ಬಿಲ್ಲು ಎಂಬುದು ಭಟ್ಟಿಗಳ ಹಳೇ ಪದ್ಧತಿ. ಹಳೇ ಗೋಣಿಚೀಲ ತಂದು ಹರಿದದ್ದನ್ನು ಹೊಲಿಯುವವರು ಭಟ್ಟಿಯ ಹೆಂಗಸರು. ಚೀಲದಿಂದ ಬಂದ ಲಾಭ ಮಾಲೀಕನದಲ್ಲ, ಹಬ್ಬಕ್ಕೆ ಆ ಹೆಂಗಸರಿಗೇ ಹಂಚುವುದು. ಲೆಕ್ಕ ಕಲಸದಿರಲೆಂದು ಚೀಲಕ್ಕೆ ಬೇರೆ ಪುಸ್ತಕ, ಬೇರೆ ಬಿಲ್ಲು. ಮಂಡಕ್ಕಿ ಹೋಗುವುದು ಮಾತ್ರ ಅದೇ ಚೀಲದಲ್ಲಿ, ಅದೇ ಲಾರಿಯಲ್ಲಿ. ಸುತ್ತೋಲೆಯ ಮೂರನೇ ಉದಾಹರಣೆ ಹಜೀರಾಬೀಯನ್ನು ಎದುರು ಕೂರಿಸಿಕೊಂಡು ಬರೆದಂತಿತ್ತು. ಅದನ್ನೇ ರೂಪಶ್ರೀ ನುಂಗಿಹಾಕಿದ್ದಳು.

"ಅಮ್ಮಾ, ಆ ಕಾಗದ ಬರ್ದೋಳು ನಾನ್ರಿ. ತಪ್ಪು ಬರ್ದೀನಿ. ನಿಮಗೆ ಟ್ಯಾಕ್ಸ್ ಬರಂಗಿಲ್ಲ."

ಹಜೀರಾಬೀ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾ ಅಲ್ಲಾ! ಇಷ್ಟು ಸಣ್ಣ ಕೈಯಾಗೆ ಎಂಟು ಸಾವಿರ ಹೆಂಗ್ ಹಿಡೀತು ತಂಗಿ?"

ಬಕ್ಕೇಶಪ್ಪ ಒಳಗಿನಿಂದಲೇ ಕೇಳಿಸಿಕೊಂಡು ಕೆಮ್ಮಿದರು. "ಒಪ್ಪಿಗಿ ಕೊಟ್ಟ ಮೇಲೆ ಅಪೀಲಿನಾಗೂ ಕಷ್ಟ. ಆರ್ಡರ್ ಆಗೈತೋ ಇಲ್ಲೋ, ಹೋಗಿ ನೋಡು." ತಾವು ಹೋಗಲಿಲ್ಲ. ಕೆಂಪು ಪೆನ್ನಿನ ವಿಷಯವನ್ನೂ ಎತ್ತಲಿಲ್ಲ.

ಸುತ್ತೋಲೆ ಹಿಡಿದು ಇಬ್ಬರೂ ಹತ್ತಿದ ಹರಿಹರದ ಬಸ್ಸು ಅಂದು ಆಮೆಗೂ ದಾರಿ ಬಿಟ್ಟುಕೊಡುತ್ತಾ ಹೋಯಿತು. ಭಟ್ಟಿಯಲ್ಲಿ ಇಳಿದು ಎರಡೂ ಪುಸ್ತಕ ಎತ್ತಿಕೊಂಡು ತೆರಿಗೆ ಕಚೇರಿ ಮುಟ್ಟುವಾಗ ಹನ್ನೆರಡೂವರೆ. ಅಧಿಕಾರಿ ಬಸವಪ್ರಭು ಊಟದ ಡಬ್ಬಿ ಬಿಚ್ಚುತ್ತಿದ್ದರು. ಪಕ್ಕದಲ್ಲೇ ಹಜೀರಾಬೀಯ ಕಡತ.

"ಆರ್ಡರ್ ಟೈಪಾಗೈತ್ರಿ," ಎಂದರು. "ಊಟ ಆದ್ಮೇಲೆ ಸೈ ಹಾಕೋನು ಅಂತಿದ್ದೆ."

"ಹಾಕಬ್ಯಾಡ್ರಿ ಸರ್. ಸುತ್ತೋಲೆ ಪ್ರಕಾರ ಈ ಚೀಲಕ್ಕೆ ಟ್ಯಾಕ್ಸ್ ಬರಂಗಿಲ್ಲ."

ಅವರು ಕಡತದಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟರು. ಒಪ್ಪಿಗೆ ಪತ್ರಕ್ಕೆ ಹಜೀರಾಬೀ ಸಂಘದ ಕಾಗದವನ್ನೂ ಪಿನ್ನು ಹೊಡೆದು ಕೊಟ್ಟಿದ್ದಳು. "ಬರ್ತೈತೆ ಅಂತ ನಿಮ್ಮ ಕಾಗದನೇ ಹೇಳ್ತೈತಲ್ರಿ?"

ತನ್ನದೇ ಸಾಲು, ತನ್ನದೇ ಅಕ್ಷರ. ನೆಲ ಬಾಯಿಬಿಟ್ಟರೆ ಇಳಿದುಬಿಡಬೇಕೆನಿಸಿತು. ಅದು ಸಿಮೆಂಟಿನ ನೆಲ, ಬಿಡಲಿಲ್ಲ.

"ಅದು ನಾನು ಚಿಕ್ಕದು ಮಾಡಾಕ ಹೋಗಿ ಕೆಡಿಸಿದ್ದು ಸರ್. ಮೂಲ ನೋಡ್ರಿ." ಮೂರನೇ ಉದಾಹರಣೆಗೆ ಬೆರಳಿಟ್ಟಳು. ಆಮೇಲೆ ಏಳನೇ ಕಂಡಿಕೆಗೆ. "ಸೈ ಆಗಿಲ್ಲ ಅಂದ್ರೆ ಕೇಸು ಮುಗಿದಿಲ್ಲ. ಮುಗೀದಿದ್ದನ್ನ ಹಿಂಗೇ ಮುಗಿಸ್ಬೇಕು ಅಂತೈತೆ. ಒಪ್ಪಿಗೆ ಪತ್ರ ವಾಪಸ್ ತಗೊಂತಾರ."

ಬಸವಪ್ರಭು ರೊಟ್ಟಿ ಮುರಿಯುವುದನ್ನು ಬಿಟ್ಟು ಎರಡು ಸಲ ಓದಿದರು. "ಖರೇನ. ಇದು ನನ್ನ ಕೈ ಕಟ್ತೈತೆ. ಆದ್ರೆ ಸರಕು ಆ ಚೀಲದಾಗೇ ಹೋತು ಅಂತ ವ್ಯಾಪಾರಿನೇ ತೋರಿಸ್ಬೇಕು. ವರ್ಷದ ಬಿಲ್ಲು ಹೊಂದಿಸಿ ಆಕ್ಷೇಪಣೆ ಬರ್ದು ಐದರೊಳಗ ಕೊಡ್ರಿ. ನಾಳೆ ನಾನು ರಜಾ, ಈ ಕಡತ ಇವತ್ತೇ ಮುಗೀಬೇಕು."

ವರಾಂಡದ ಬೆಂಚಿನ ಮೇಲೆ ಪುಸ್ತಕ ಬಿಚ್ಚಿದರೆ ರೂಪಶ್ರೀಗೆ ಅಳು ಬಂತು. ಮಂಡಕ್ಕಿ ಬಿಲ್ಲಿಗೆ ತಾರೀಖು, ನಂಬರು ಎಲ್ಲ ಉಂಟು. ಚೀಲದ ಪುಸ್ತಕದಲ್ಲಿ ಗಿರಾಕಿಯ ಹೆಸರು, ಚೀಲದ ಲೆಕ್ಕ, ಅಷ್ಟೇ. ತಾರೀಖಿನ ಜಾಗದಲ್ಲಿ ಒಂದು ಕಡೆ "ಮೊಹರಂ ಆದ ಮೂರನೇ ದಿನ", ಇನ್ನೊಂದು ಕಡೆ "ಕರಿಯವ್ವನ ಮಗಳು ಹಡೆದ ದಿನ".

"ಇದೇನ್ರಿ ಅಮ್ಮಾ ತಾರೀಖು?"

"ಚೀಲ ಹೊಲಿಯೋರಿಗೆ ಕ್ಯಾಲೆಂಡರ್ ಯಾಕ ಬೇಕು? ಕರಿಯವ್ವನ ಮಗಳು ಹಡದಿದ್ದು ಇಡೀ ಹರಿಹರಕ್ಕೇ ಗೊತ್ತೈತೆ. ಹಂಗ್ ಕೂಗಿದ್ಲು, ಕೇಳಿ ರೈಲು ನಿಂತಿತ್ತು."

ಇನ್ನೂರ ಹನ್ನೆರಡು ಚೀಲದ ಬಿಲ್ಲು. ಹೆಸರಿಗೆ ಹೆಸರು, ನಲವತ್ತು ಚೀಲಕ್ಕೆ ನಲವತ್ತು ಎಂದು ಒಂದೊಂದನ್ನೂ ಮಂಡಕ್ಕಿ ಬಿಲ್ಲಿಗೆ ಹೊಂದಿಸಬೇಕು. ರೂಪಶ್ರೀ ಹೆಸರು ಓದಿದ ಕೂಡಲೇ ಹಜೀರಾಬೀ "ಅವನು ಶಿವಮೊಗ್ಗದೋನು, ರಾಗಿ ಕೊಯ್ಲಿನ ಟೈಮಿಗೆ ಬರ್ತಾನೆ" ಎನ್ನುವಳು, ರೂಪಶ್ರೀ ಆ ತಿಂಗಳ ಬಿಲ್ಲು ತಿರುವುವಳು. ಬೆರಳಿಗೆ ಶಾಯಿ, ಸೊಂಟಕ್ಕೆ ನೋವು. ಗೋಡೆಯ ಗಡಿಯಾರಕ್ಕೆ ಮಾತ್ರ ಅಂದು ಎಲ್ಲಿಲ್ಲದ ಉತ್ಸಾಹ. ನಾಲ್ಕೂಮುಕ್ಕಾಲಿಗೆ ಇನ್ನೂರ ಒಂದು ಹೊಂದಿದವು. ಹನ್ನೊಂದು ಹೊಂದಲಿಲ್ಲ.

"ಈ ಹನ್ನೊಂದೂ ಒಬ್ಬನ ಹೆಸರಿಗೇ ಐತೆ. ಸಣ್ಣಬೀರಪ್ಪ. ಇವನ ಮಂಡಕ್ಕಿ ಬಿಲ್ಲು ಎಲ್ಲೈತ್ರಿ?"

"ಅವನೆಲ್ಲಿ ಮಂಡಕ್ಕಿ ತಗಂತಾನ? ಮೆಕ್ಕೆಜೋಳದೋನು ಅವನು. ಖಾಲಿ ಚೀಲ ಒಯ್ಯತಾನ."

ರೂಪಶ್ರೀ ತಲೆ ಹಿಡಿದುಕೊಂಡಳು. "ಅದು ನಾಕನೇದ್ರಿ ಅಮ್ಮಾ. ಅದಕ್ಕೆ ಟ್ಯಾಕ್ಸ್ ಐತೆ."

"ಐತೆ ಅಂದ್ರೆ ಕಟ್ತೀನಿ. ಅಷ್ಟಕ್ಕ ಯಾಕ ಸತ್ತೋರ ಮನಿ ಮಾರಿ ಮಾಡ್ತೀ?"

ಆಕ್ಷೇಪಣೆಗೂ ಒಪ್ಪಿಗೆ ವಾಪಸಿನ ಪತ್ರಕ್ಕೂ ಗುಮಾಸ್ತ ಕೆಂಚಣ್ಣ ಸ್ವೀಕೃತಿ ಮುದ್ರೆ ಒತ್ತುವಾಗ ಐದಕ್ಕೆ ನಾಲ್ಕು ನಿಮಿಷ ಬಾಕಿ. ಬಸವಪ್ರಭು ಹೊಂದಿಸಿದ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಲ್ಲು ತೆಗೆಸಿ ನೋಡಿದರು. ಟೈಪಾಗಿದ್ದ ಆದೇಶಕ್ಕೆ ಅಡ್ಡಗೆರೆ ಎಳೆದರು. "ಇನ್ನೂರ ಒಂದಕ್ಕೆ ಇಲ್ಲ, ಹನ್ನೊಂದಕ್ಕೆ ಐತೆ. ಬ್ಯಾರೆ ಆರ್ಡರ್ ಟೈಪ್ ಮಾಡು ಕೆಂಚಣ್ಣ."

ಹಜೀರಾಬೀಯ ಮುಖ ಅರಳಿತು. "ಹಂಗಾದ್ರೆ ಸಾಹೇಬ್ರೆ, ಅದರ ಹಿಂದಿನ ವರ್ಷದ್ದೂ ಕೊಡ್ರಿ. ಜೂನ್‌ನಾಗೆ ಏಳು ಸಾವಿರ ಕಟ್ಟೀನಿ. ಅದೂ ಇದೇ ಪುಸ್ತಕ, ಇದೇ ಚೀಲ."

ಬಸವಪ್ರಭು ರೂಪಶ್ರೀಯ ಕಡೆ ನೋಡಿದರು. ಹೇಳಬೇಕಾದವಳು ಅವಳೇ.

"ಅದು ಆರ್ಡರ್ ಆಗಿ ಮುಗಿದೈತ್ರಿ ಅಮ್ಮಾ. ಈ ಸುತ್ತೋಲೆ ಹಿಡ್ಕಂಡು ಅದನ್ನ ತೆಗಿಯಂಗಿಲ್ಲ. ಅಪೀಲಿನ ಟೈಮೂ ಹೋಗೈತೆ."

"ಅಂದ್ರೆ ಜೂನ್‌ನಾಗೆ ಹಜೀರಾಬೀ ಕಳ್ಳಿ, ಡಿಸೆಂಬರ್‌ನಾಗೆ ಸಾಚಾ?"

ಕೆಂಚಣ್ಣ ಟೈಪ್‌ರೈಟರಿಗೆ ಕಾಗದ ಸಿಕ್ಕಿಸಿದ.

"ಆ ಏಳು ಸಾವಿರ ಹೋಗಿದ್ದಕ್ಕ ಹೋದ ಹಬ್ಬಕ್ಕೆ ಚೀಲ ಹೊಲಿಯೋರಿಗೆ ತಲಿಗೆ ಅರ್ಧ ಸೀರಿ ಬಂತು," ಎಂದಳು ಮುದುಕಿ ಮೆಟ್ಟಿಲು ಇಳಿಯುತ್ತಾ. "ಈ ಸಲ ಪೂರಾ ಸೀರಿ ಕೊಡ್ತೀನಿ. ಉಳಿದರ್ಧ ಯಾರು ಕೊಡ್ತಾರ ಅಂತ ನಿನ್ನ ಸುತ್ತೋಲೆಗೇ ಕೇಳು."

ಮರುದಿನ ರೂಪಶ್ರೀ ಸಂಘದಿಂದ ಹೊಸ ಸ್ಟೆನ್ಸಿಲ್ ತಂದಳು. ಆ ಕಾಗದ ಓದಿ ಇನ್ನೆಷ್ಟು ಭಟ್ಟಿಯವರು ಒಪ್ಪಿಗೆ ಕೊಟ್ಟಿದ್ದಾರೋ, ಯಾರ ಆದೇಶಕ್ಕೆ ಸಹಿ ಬಿದ್ದಿದೆಯೋ, ದೇವರಿಗೇ ಗೊತ್ತು.

ಬಕ್ಕೇಶಪ್ಪ ಒಳಗಿನಿಂದ ಕೂಗಿದರು, "ಒಂದೇ ಪೇಜು ನೋಡವ್ವಾ!"

"ಒಂದೇ ಪೇಜು ಸರ್."

ತಲೆಬರಹದ ಕೆಳಗೆ ಮೊದಲ ಸಾಲನ್ನೇ ಬರೆದಳು: ಹಿಂದಿನ ಕಾಗದದಲ್ಲಿ ನಾವು ತಪ್ಪು ಬರೆದಿದ್ದೇವೆ. ಅದರ ಕೆಳಗೆ ಮೂರನೇ ಉದಾಹರಣೆ, ಅದರ ಕೆಳಗೆ ಏಳನೇ ಕಂಡಿಕೆ. ಬೇರೆ ಏನನ್ನೂ ಹಾಕಲಿಲ್ಲ. ಬರೆದು ಮುಗಿಸಿ, ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಸ್ಟೆನ್ಸಿಲ್ ಹಿಡಿದು ಸಂಘದ ಕಡೆ ನಡೆದಳು.