ಏಳನೇ ನಂಬರಿನ ಸೀರೆಯ ಹೆಸರು

ಸೀರೆಗೆ ಹೆಸರಿಡುವುದೇನು ಮಹಾ ಕೆಲಸ ಎನ್ನುವವರು ಕುಸುಮಳ ಆ ಹದಿನೈದು ದಿನಗಳನ್ನು ನೋಡಬೇಕಿತ್ತು. ಕನಕಪುರದ ಕೈಮಗ್ಗ ನೇಕಾರರ ಸಹಕಾರ ಸಂಘದಲ್ಲಿ ಮಾರಾಟದ ಕೆಲಸ ಅವಳದು. ಹೊಸ ಸಂಗ್ರಹದಲ್ಲಿ ಹನ್ನೆರಡು ವಿನ್ಯಾಸ. ಇಷ್ಟು ವರ್ಷ ಎಲ್ಲಕ್ಕೂ ಬರೀ ನಂಬರೇ ಇತ್ತು. ನಲವತ್ತೊಂದನೇ ನಂಬರು ಉಟ್ಟಿದ್ದೀನಿ ಅಂತ ಮದುವೆಮನೆಯಲ್ಲಿ ಯಾವ ಹೆಂಗಸು ಹೇಳಿಕೊಳ್ಳುತ್ತಾಳೆ? ಬೆಂಗಳೂರಿನ ಮೇಳಕ್ಕೆ ಹೊರಡುವ ಮೊದಲು ಈ ಹನ್ನೆರಡಕ್ಕೂ ಹೆಸರಾಗಬೇಕು ಎಂದು ಹಟ ಹಿಡಿದವಳು ಅವಳೇ. ಹಟ ಹಿಡಿದ ತಪ್ಪಿಗೆ ಕೆಲಸವೂ ಅವಳ ತಲೆಗೇ ಬಂತು.

ಅವಳೊಂದು ಲೆಕ್ಕ ಹಾಕಿಕೊಂಡಳು. ಹೊಕ್ಕಿನ ನೂಲು ಬಣ್ಣದಿಂದ ಬಣ್ಣಕ್ಕೆ ಹರಿದುಹೋಗುವ ಸೀರೆಗಳಿಗೆ ನದಿಯ ಹೆಸರು. ಒಡಲ ತುಂಬ ಬುಟ್ಟಾ ಇದ್ದರೆ ಹೂವಿನದು. ಮೂರು ಲಾಳಿ ಹಾಕಿ ಅಂಚು ಕೂಡಿಸಿದವಕ್ಕೆ ಜನಪದ ಹಾಡಿನಿಂದ ಆರಿಸಿದ್ದು. ಕೇಳಲು ಚೆಂದ, ಕೂತರೆ ತಲೆನೋವು. ಒಂದು ವಿನ್ಯಾಸ ಐದು ಬಣ್ಣದಲ್ಲಿ ಬರುತ್ತದೆ, ಹೆಸರು ಮಾತ್ರ ಒಂದೇ. ಕನಕಾಂಬರ ಎಂದು ಬರೆದು ಖುಷಿಪಟ್ಟಳು; ಅದೇ ಸೀರೆ ಗಿಳಿಹಸಿರಿನಲ್ಲೂ ಬರುತ್ತದೆಂದು ನೆನಪಾಗಿ ಹೊಡೆದುಹಾಕಿದಳು. ಬಣ್ಣ ಹೇಳುವ ಹೂವೆಲ್ಲ ಹೀಗೇ ಉದುರಿ ಕೊನೆಗೆ ಸುರಗಿ, ಪಾರಿಜಾತ, ಮರುಗ ಉಳಿದವು. ಮರುಗ ಹೂವೇ ಅಲ್ಲ ಎಂದು ಯಾರೋ ತಗಾದೆ ತೆಗೆದರು, ಮುಡಿಯೋದು ತಾನೇ ಎಂದು ಇವಳು ಬಾಯಿ ಮುಚ್ಚಿಸಿದಳು. ಅರ್ಕಾವತಿಯ ಹೆಸರಿನಲ್ಲಿ ಆಗಲೇ ಬೇರೆಯವರು ಸೀರೆ ಮಾರುತ್ತಿದ್ದರು. ವೃಷಭಾವತಿ ಎಂದಾಗ ಸಂಘದ ಅಧ್ಯಕ್ಷ ರಾಮಲಿಂಗಯ್ಯ ಮೂಗಿಗೆ ಕರವಸ್ತ್ರ ಹಿಡಿದು ತೋರಿಸಿದರು. ಬೆಂಗಳೂರಿನ ಕೊಳಚೆ ಹೊತ್ತ ಆ ಹೊಳೆಯ ಮೇಲಿಂದ, ಬೈರಮಂಗಲದ ಕಡೆಯಿಂದ ಬರುವ ಗಾಳಿ ಕುಡಿದವರಾರೂ ಆ ಹೆಸರಿನ ಸೀರೆ ಉಡಲಾರರು.

ಅಷ್ಟರ ನಡುವೆ ತಡವರಿಸದೆ ಸಿಕ್ಕಿದ್ದು ಒಂದೇ ಹೆಸರು, ಏಳನೇ ನಂಬರಿನದು. ಅದನ್ನು ನೇಯ್ದವಳು ಮರಳವಾಡಿಯ ದಾಸಮ್ಮ. ಹುರಿದ ರಾಗಿಯ ಬಣ್ಣದ ಒಡಲು, ಅಂಗೈ ಅಗಲದ ಅಂಚು, ಅಂಚಿನಲ್ಲಿ ಹುಣಸೆ ಎಲೆಯ ಸಾಲು. ಸಂಗ್ರಹದಲ್ಲೆಲ್ಲ ಅದಕ್ಕೆ ಸಮ ಇನ್ನೊಂದಿರಲಿಲ್ಲ. ಮಗ್ಗ ನೋಡಲು ಹೋಗಿದ್ದ ದಿನ ದಾಸಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು, ಲಾಳಿಯ ಸದ್ದಿಗೆ ಸರಿಯಾಗಿ ಹಾಡಿಕೊಳ್ಳುತ್ತಿದ್ದಳು. ಕುಸುಮ ಫೋನಿನಲ್ಲಿ ಹಿಡಿದುಕೊಂಡಳು:

ಅಂಗಳದಾಗೆ ನಿಂತೋಳೆ ಚೆಂಗುಲಾಬಿ ಮುಡಿದೋಳೆ
ಬಂಗಾರದಂಚು ನಿನಗವ್ವ, ಚೆನ್ನಾಜಿ,
ತಂಗಾಳಿ ಬಂತು ಸೆರಗಿಡಿಯೆ

ಚೆನ್ನಾಜಿ. ಮೂರೇ ಅಕ್ಷರ, ಬಾಯಿಗೆ ಸಲೀಸು, ಯಾವ ಬಣ್ಣಕ್ಕೂ ಒಗ್ಗುತ್ತದೆ, ಎಲ್ಲೂ ಯಾರೂ ಇಟ್ಟಿಲ್ಲ. ಹಾಡಿನ ಯಾವುದೋ ಹಳೆಯ ಚೆಲುವೆ ಇರಬೇಕೆಂದು ಕುಸುಮ ಅಂದುಕೊಂಡಳು. ಹನ್ನೆರಡೂ ಹೆಸರಿನ ಪಟ್ಟಿಯನ್ನು ನೇಕಾರರ ವಾಟ್ಸಾಪ್ ಗುಂಪಿಗೆ ಹಾಕಿದಳು. ನಾಲ್ಕಾರು ಹೆಬ್ಬೆರಳು ಬಂದವು. ಟ್ಯಾಗು ಅಚ್ಚಿಗೆ ಚನ್ನಪಟ್ಟಣಕ್ಕೆ ಹೋಯಿತು. ಭಾನುವಾರ ಸದಸ್ಯರ ಸಭೆಯಲ್ಲಿ ಪಟ್ಟಿ ಓದಿ ಒಪ್ಪಿಗೆ ಪಡೆದರೆ ಮುಗಿಯಿತು.

ಶನಿವಾರ ಬೆಳಿಗ್ಗೆ ಮಾಯಣ್ಣ ಬಂದ. ಮನೆಮನೆಗೆ ನೂಲು ಹಂಚಿ, ನೇಯ್ದ ಸೀರೆ ತಂದೊಪ್ಪಿಸುವ ಸಂಘದ ಹಳೆಯ ನೌಕರ. ಗುಂಪಿನ ಪಟ್ಟಿಯನ್ನು ಅವತ್ತಷ್ಟೇ ನೋಡಿದ್ದಂತೆ. ಕೂರಲೂ ಇಲ್ಲ.

"ಏಳನೇದುಕ್ಕೆ ಇಟ್ಟಿದ್ದೀಯಲ್ಲ ಕುಸುಮ, ಆ ಹೆಸ್ರು ಯಾರ್ದು ಅಂತ ಗೊತ್ತಾ ನಿಂಗೆ? ದಾಸಮ್ಮನ ಮಗಳ್ದು ಕಣವ್ವ. ಸತ್ತೋಗಿ ಹದ್ನಾಲ್ಕು ವರ್ಸ ಆಯ್ತು."

ಹತ್ತೊಂಬತ್ತರ ಹುಡುಗಿ, ಕಾಮಾಲೆ ಏರಿ ಒಂಬತ್ತೇ ದಿನಕ್ಕೆ ಹೋದಳಂತೆ. ಅಂದಿನಿಂದ ಅವಳಪ್ಪ ದೊಡ್ಡಹನುಮಯ್ಯ ಮನೆಯಲ್ಲಿ ಆ ಹೆಸರು ಎತ್ತಗೊಟ್ಟಿಲ್ಲ. ಯಾರಾದರೂ ಅಪ್ಪಿತಪ್ಪಿ ಅಂದರೆ ತಟ್ಟೆ ಬಿಟ್ಟು ಎದ್ದುಹೋಗುತ್ತಾನೆ. ಗೋಡೆಯ ಮೇಲೆ ಫೋಟೋ ಕೂಡ ಇಲ್ಲ. ಹಾಡುವವರು ಹಳೆಯ ಪದದೊಳಗೆ ತಮ್ಮವರ ಹೆಸರು ಸೇರಿಸಿಕೊಳ್ಳುವುದು ಈ ಕಡೆ ಹೊಸದೇನಲ್ಲ. ಕುಸುಮಳ ಅಜ್ಜಿಯೇ ರಾಗಿ ಬೀಸುವಾಗ ತನ್ನ ಅಣ್ಣಂದಿರನ್ನೆಲ್ಲ ಹಾಡಿಗೆ ಎಳೆದು ತರುತ್ತಿದ್ದಳು. ಅದು ಹೊಳೆಯಬೇಕಾದ ಹೊತ್ತಿನಲ್ಲಿ ಇವಳಿಗೆ ಹೊಳೆಯಲಿಲ್ಲ.

ಮೇಳದ ಮಾತುಗಳು ಕುಸುಮಳ ಕಿವಿಯಲ್ಲಿ ಶುರುವಾದವು. ಚೆನ್ನಾಜಿ ಸ್ಟಾಕ್ ಇಲ್ಲ ಮೇಡಂ. ಚೆನ್ನಾಜಿಗೆ ಇಪ್ಪತ್ತು ಪರ್ಸೆಂಟ್ ರಿಬೇಟು. ಚೆನ್ನಾಜಿ ಬೇಡ, ವಾಪಸ್ ತಗೊಳ್ಳಿ. ಹೆತ್ತವಳ ಕಿವಿಗೆ ಇದು ಬಿದ್ದರೆ? ದಾಸಮ್ಮನ ಹತ್ತಿರ ಫೋನಿಲ್ಲ, ಮನೆಗಿದ್ದ ಒಂದೇ ಬಟನ್ ಫೋನು ಗಂಡನ ಕೈಯಲ್ಲಿ, ಅದರಲ್ಲಿ ವಾಟ್ಸಾಪ್ ಇಲ್ಲ. ಮರಳವಾಡಿ ಒಂದು ದಿಕ್ಕು, ಚನ್ನಪಟ್ಟಣ ಇನ್ನೊಂದು ದಿಕ್ಕು, ಟ್ಯಾಗು ಕತ್ತರಿಸುವುದು ಎರಡು ಗಂಟೆಗೆ. ನಿಜ ಹೇಳಬೇಕೆಂದರೆ ಹೊತ್ತಿಗಿಂತ ದೊಡ್ಡ ಅಡ್ಡಿ ಬೇರೆ ಇತ್ತು: ದಾಸಮ್ಮನ ಮುಖ ನೋಡಿ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಸ್ಕೂಟರ್ ಹತ್ತಿ ಚನ್ನಪಟ್ಟಣದ ದಾರಿ ಹಿಡಿದಳು. ರಾಮನಗರದಲ್ಲಿ ರೇಷ್ಮೆಗೂಡಿನ ಗಾಡಿಗಳ ನಡುವೆ ಸಿಕ್ಕಿಕೊಂಡು ಹಾರ್ನ್ ಒತ್ತಿ ಒತ್ತಿ ಬೈಸಿಕೊಂಡಳು. ಕೆಂಗಲ್ ಹನುಮಂತರಾಯನಿಗೆ ಗಾಡಿ ನಿಲ್ಲಿಸದೆಯೇ ಒಂದು ಕೈಯೆತ್ತಿ ನಮಸ್ಕರಿಸಿದಳು, ಆ ಗಳಿಗೆಗೆ ಗಾಡಿ ಇನ್ನೊಂದೇ ಕೈಯಲ್ಲಿತ್ತು. ದಾರಿಯುದ್ದಕ್ಕೂ ಬೇರೆ ಹೆಸರು ಹುಡುಕಿದಳು. ಹಾಡಿನದು ಯಾವುದೂ ಬರಲಿಲ್ಲ. ಯಾವ ಹಾಡು ನೆನೆದರೂ ಅದರೊಳಗೆ ಯಾರ ಮಗಳಿದ್ದಾಳೋ ಎಂಬ ಭಯ. ಕೊನೆಗೆ ಶಿಂಷಾ ಎಂದು ತೀರ್ಮಾನಿಸಿದಳು. ನದಿಯ ಹೆಸರು ಅಂಚಿನ ಸೀರೆಗೆ ಸಲ್ಲದು ಎಂದು ನಿಯಮ ಮಾಡಿದವಳೇ ಅದನ್ನು ಮುರಿದಳು.

ಅಚ್ಚುಕೂಟದ ಒಡತಿ ಮುನವ್ವರಾ ಹಾಳೆಗಳನ್ನು ಕತ್ತರಿಗೆ ಜೋಡಿಸುತ್ತಿದ್ದರು. ವಿಷಯ ಕೇಳಿ ಕೆಲಸ ನಿಲ್ಲಿಸಿದರು. ಹೆಸರೊಂದನ್ನೇ ಬದಲಿಸಿದರೆ ಸಾಲದು, ಟ್ಯಾಗಿನಲ್ಲಿ ಹೆಸರಿನ ಕೆಳಗೆ ಬರೆದ ಎರಡು ಸಾಲಿನ ಕಥೆಯೂ ಹಾಡಿನ ಮೇಲಿದೆ ಎಂದು ತೋರಿಸಿದರು. ಕುಸುಮ ಅಲ್ಲೇ ನಿಂತು ಹೊಳೆ, ಮರಳು, ಹುಣಸೆ ತೋಪು ಎಂದು ಏನೋ ಗೀಚಿಕೊಟ್ಟಳು. ವಿನ್ಯಾಸದ ನಂಬರು, ನೇಯ್ದವರು ದಾಸಮ್ಮ, ಮರಳವಾಡಿ ಎಂಬುದಷ್ಟೇ ಹಳೆಯದು ಉಳಿಯಿತು. ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುತ್ತ ಮುನವ್ವರಾ ಕೇಳಿದರು:

"ಆಯಮ್ಮನ್ನ ಒಂದ್ ಮಾತು ಕೇಳಿದ್ರಾ ನೀವು?"

ಪಾಪ, ಅವರನ್ನು ಹೇಗೆ ಕೇಳುವುದು ಎಂದಳು ಕುಸುಮ. ಮುನವ್ವರಾ ಪರದೆಯತ್ತ ತಿರುಗಿ ಉಳಿದ ಅಕ್ಷರ ಕೂಡಿಸಿದರು. ಆ ಪ್ರಶ್ನೆ ಕುಸುಮಳಿಗೆ ಚುಚ್ಚಿತು, ಹಾಗಂತ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಸಂಜೆ ಟ್ಯಾಗಿನ ಕಟ್ಟು ಕಾಲ ಬಳಿ ಇಟ್ಟುಕೊಂಡು ವಾಪಸಾಗುವಾಗ, ಒಬ್ಬ ತಾಯಿಯ ಮಾನ ಉಳಿಸಿದೆನೆಂಬ ಸಣ್ಣ ಹೆಮ್ಮೆಯೂ ಜೊತೆಗೆ ಕೂತಿತ್ತು.

ಭಾನುವಾರ ಸಂಘದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ದಾಸಮ್ಮ ಕೂತಿದ್ದಳು. ಎಂದೂ ಸಭೆಗೆ ಬಂದವಳಲ್ಲ. ತಲೆಗೆ ಎಣ್ಣೆ ಹಚ್ಚಿ ಬಾಚಿ, ಪೆಟ್ಟಿಗೆಯ ಮಡಿಕೆ ಇನ್ನೂ ಹೋಗದ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ದೊಡ್ಡಹನುಮಯ್ಯ, ಬಲವಂತಕ್ಕೆ ಬಂದವನ ಹಾಗೆ ಟವೆಲು ತಿರುಗಿಸುತ್ತ. ಅವರನ್ನು ಕಂಡ ಕುಸುಮ, ಆ ಹೆಸರನ್ನು ನಿನ್ನೆಯೇ ತೆಗೆಸಿದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡಳು.

ಕುಸುಮ ತಿದ್ದಿಕೊಟ್ಟ ಪಟ್ಟಿಯನ್ನು ರಾಮಲಿಂಗಯ್ಯ ಮೈಕು ಹಿಡಿದು ಓದತೊಡಗಿದರು. ಒಂದು, ಕಣ್ವಾ. ಎರಡು, ಸುರಗಿ. ಒಂದೊಂದು ಹೆಸರಿಗೂ ಆಯಾ ಸೀರೆಯನ್ನು ಇಬ್ಬರು ಬಿಡಿಸಿ ಹಿಡಿಯುತ್ತಿದ್ದರು, ಜನ ಕತ್ತು ಚಾಚುತ್ತಿದ್ದರು. ಆರನೆಯದು ಬರುವಾಗ ದಾಸಮ್ಮ ಗಂಡನ ಕೈ ಹಿಡಿದುಕೊಂಡಳು. ಏಳು, ಶಿಂಷಾ ಎಂದರು ರಾಮಲಿಂಗಯ್ಯ. ಎಲ್ಲರೂ ಚಪ್ಪಾಳೆ ತಟ್ಟಿದರು, ಏಳನೆಯದಕ್ಕೆ ಉಳಿದದ್ದಕ್ಕಿಂತ ಜೋರಾಗಿಯೇ. ದಾಸಮ್ಮ ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟಳು.

ಹನ್ನೆರಡೂ ಮುಗಿಯುವುದರೊಳಗೆ ಅವಳು ಎದ್ದು ಬಾಗಿಲ ಬಳಿ ಬಂದಿದ್ದಳು. ಕುಸುಮ ಹಿಂದೆಯೇ ಹೋದಳು. ಮಾಯಣ್ಣ ಹೇಳಿದ್ದು, ತಾನು ಚನ್ನಪಟ್ಟಣಕ್ಕೆ ಓಡಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ನಿಮಗೆ ನೋವಾಗಬಾರದು ಅಂತ, ಎಂದಳು.

ದಾಸಮ್ಮನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಕುಸುಮ ತಡೆದುಕೊಳ್ಳಬಹುದಿತ್ತು.

"ಪಕ್ಕದ್ಮನೆ ಹುಡ್ಗಿ ಮೊಬೈಲಲ್ಲಿ ಓದಿ ಹೇಳಿದ್ಲು ಕಣವ್ವ, ನಿನ್ ಸೀರೆಗೆ ಚೆನ್ನಾಜಿ ಅಂತ ಇಟ್ಟವ್ರೆ ಅಂತ. ಮನೇಲಿ ಕರ್ಯಂಗಿಲ್ಲ. ಲಾಳಿ ಸದ್ದಲ್ಲಿ ಯಾರ್ಗೂ ಕೇಳಾಕಿಲ್ಲ ಅಂತ ಮಗ್ಗದ್ ಮ್ಯಾಲೆ ಮಾತ್ರ ಕರೀತೀನಿ. ಹದ್ನಾಲ್ಕು ವರ್ಸ ಹಂಗೇ ಕರ್ದಿವ್ನಿ. ಇವತ್ತು ಇಷ್ಟ್ ಜನದ್ ಮುಂದೆ ಮೈಕಲ್ಲಿ ಕರೀತಾರಲ್ಲ, ನಮ್ಮನೆಯವ್ರೂ ಒಸಿ ಕೇಳ್ಲಿ ಅಂತ ಏನೂ ಹೇಳ್ದೆ ಕರ್ಕಂಡ್ ಬಂದೆ."

ಕುಸುಮ ಮಾಯಣ್ಣನ ಮಾತು ಕೇಳಿದ್ದಳು, ಮುನವ್ವರಾ ಎದುರು ನಿಂತಿದ್ದಳು, ಹೊಳೆಯನ್ನೂ ಹೂವನ್ನೂ ಜಾಲಾಡಿದ್ದಳು. ಕೇಳಬೇಕಾದ ಒಬ್ಬಳನ್ನು ಮಾತ್ರ ಬಿಟ್ಟಿದ್ದಳು. ಅಳುತ್ತ ನಿಲ್ಲುವ ಹೊತ್ತು ಅದಲ್ಲ. ಒಳಗೆ ರಾಮಲಿಂಗಯ್ಯ ನಡಾವಳಿ ಪುಸ್ತಕಕ್ಕೆ ಸಹಿ ಹಾಕಲು ಪೆನ್ನು ಕೇಳುತ್ತಿದ್ದರು.

ಅವಳು ಓಡಿಹೋಗಿ ಪುಸ್ತಕದ ಮೇಲೆ ಕೈ ಇಟ್ಟಳು. ಏಳನೆಯದು ತಪ್ಪಾಗಿದೆ, ತಪ್ಪು ನನ್ನದು, ಬದಲಿಸಿ ದಾಸಮ್ಮ ಮಗ್ಗದ ಮೇಲೆ ಹಾಡುವ ಹೆಸರನ್ನೇ ಇಡಬೇಕು ಎಂದಳು. ಟ್ಯಾಗು ಆಗಿಹೋಗಿದೆಯಲ್ಲಮ್ಮ ಎಂದು ರಾಮಲಿಂಗಯ್ಯ ಗೊಣಗಿದರು. ಮತ್ತೆ ಹೋಗಿ ಮಾಡಿಸುತ್ತೇನೆ ಎಂದಳು. ಸರಿ, ಆದರೆ ಓದಿ ಒಪ್ಪಿಸಿದ ಹೆಸರು ಬದಲಾಗಬೇಕಾದರೆ ನೌಕರರು ಹೇಳಿದರೆ ಆಗದು, ಆ ಮಗ್ಗದ ಸದಸ್ಯರೇ ಎದ್ದು ಹೊಸ ಹೆಸರು ಸೂಚಿಸಬೇಕು, ಅದು ಮೊದಲಿನಿಂದ ಬಂದ ಪದ್ಧತಿ ಎಂದರು. ದಾಸಮ್ಮ ಹೇಳುತ್ತಾರೆ ಎಂದು ಕುಸುಮ ತಿರುಗಿದಳು.

"ದಾಸಮ್ಮ ಸದಸ್ಯೆ ಅಲ್ವಲ್ಲವ್ವ," ಎಂದರು ರಾಮಲಿಂಗಯ್ಯ. "ಮಗ್ಗ ಇರೋದು ದೊಡ್ಡಹನುಮಯ್ಯನ ಹೆಸ್ರಲ್ಲಿ."

ನೇಯ್ದವಳು ಅವಳು, ಷೇರು ಅವನದು. ಎಷ್ಟೋ ಮನೆಗಳಲ್ಲಿ ಹಾಗೇ. ಕುಸುಮ ಅಲ್ಲಿಗೆ ಕೈಚೆಲ್ಲಿದಳು. ಸಭೆಯಲ್ಲಿ ಅರ್ಧ ಜನಕ್ಕೆ ಆ ಮನೆಯ ಕಥೆ ಗೊತ್ತಿತ್ತು. ದಾಸಮ್ಮ ಬಾಗಿಲಿನಿಂದ ಬಂದು ಗಂಡನ ಎದುರು ನಿಂತಳು. ಮೇಜಿನ ಮೇಲೆ ಬಿಡಿಸಿಟ್ಟ ರಾಗಿಬಣ್ಣದ ಸೀರೆಯ ಕಡೆ ನೋಡಿದಳು, ಮತ್ತೆ ಅವನ ಕಡೆ ನೋಡಿದಳು.

ದೊಡ್ಡಹನುಮಯ್ಯನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಕಪ್ಪಿಟ್ಟಿತು. ಎದ್ದ. ಊಟದ ತಟ್ಟೆ ಬಿಟ್ಟು ಏಳುವವನು ಈಗ ಸಭೆಯನ್ನೂ ಬಿಟ್ಟು ನಡೆದ ಎಂದೇ ಕುಸುಮ ಅಂದುಕೊಂಡಳು. ಅವನು ಹೋಗಲಿಲ್ಲ. ಟವೆಲನ್ನು ಹೆಗಲಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ, ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಚೆನ್ನಾಜಿ ಅಂತ ಬರ್ಕಳಿ," ಎಂದ.

ಪೆನ್ನು ಹಿಡಿದಿದ್ದ ರಾಮಲಿಂಗಯ್ಯನಿಗೆ ಕಿವಿ ಮಂದ. ಒಸಿ ಗಟ್ಟಿಯಾಗಿ ಹೇಳಪ್ಪ ಎಂದು ಮೈಕನ್ನೇ ಅವನ ಕೈಗೆ ಕೊಟ್ಟರು. ದೊಡ್ಡಹನುಮಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಲದ ಆಚೆ ಬದುವಿನಲ್ಲಿರುವ ಮಗಳನ್ನು ಊಟಕ್ಕೆ ಕೂಗುವ ಹಾಗೆ, ಇನ್ನೊಂದು ಸಲ ಕೂಗಿದ.