ಹನ್ನೆರಡು ವರ್ಷದವರ ಬಾಯಿಗೆ ಬಾತುಮರಿ

ಎರಡು ಹಾಡುಗಳ ಮೇಲೂ ದೊನ್ ವಾಷಿಂಗ್ಟನ್ ಕೆಂಪು ಪೆನ್ಸಿಲ್ ಆಡಿಸಿದ್ದ. ದೊನ್ ಎಂಬುದು ಗೌರವಕ್ಕೆ, ಹೆಸರು ವಾಷಿಂಗ್ಟನ್; ಮೊಂತೆವಿದಿಯೋ ನಗರದಲ್ಲಿ ಬೀದಿಗೊಬ್ಬ ವಾಷಿಂಗ್ಟನ್ ಸಿಗುತ್ತಾನೆ. ಈ ವಾಷಿಂಗ್ಟನ್ ಬಡಾವಣೆಯ ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಭಾಷಣಕಾರ, ಮಕ್ಕಳೆಂದರೆ ತನಗೆ ಪ್ರಾಣ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುವವನು.

ನೀದಿಯಾ ಎದುರಿಗೆ ಕುಳಿತು ತನ್ನ ಹಾಡುಗಳ ಗಾಯಗಳನ್ನು ನೋಡಿದಳು. ಕ್ಲಬ್ಬಿನ ಶಿಶುವಿಹಾರದ ಪುಟಾಣಿಗಳಿಗೂ, ಕಾರ್ನಿವಲ್ಲಿನಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಗುಂಪಾಗಿ ಹಾಡುವ ಹನ್ನೊಂದು ಹನ್ನೆರಡರ ಮಕ್ಕಳ ಮುರ್ಗಾ ತಂಡಕ್ಕೂ ಹಾಡು ಬರೆಯುವವಳು ಅವಳೇ. ಕಾರ್ನಿವಲ್ ಹತ್ತಿರ ಬಂದಿತ್ತು.

"ಏನ್ರೀ ಇದು?" ಎಂದ ದೊನ್ ವಾಷಿಂಗ್ಟನ್. "'ಷೂ ಎಲ್ಲಿ? ಇಲ್ಲಿ! ಕಾಲೆಲ್ಲಿ? ಇಲ್ಲಿ! ಟಪ್ ಟಪ್ ಟಪ್!' ಇದೂ ಒಂದು ಹಾಡೇ? ಇರೋದೇ ನಾಲ್ಕು ಮಾತು!"

"ಎರಡು ವರ್ಷದ ಮಗುಗೆ ಅಷ್ಟೇ ಸಾಕು ದೊನ್. ಷೂ ಅಂದ್ರೆ ಮುಟ್ಟಿ ನೋಡುತ್ತೆ, ಟಪ್ ಅಂದ್ರೆ ಕಾಲು ಬಡಿಯುತ್ತೆ. ಒಂದೇ ಮಾತು ಮತ್ತೆ ಮತ್ತೆ ಬಂದ್ರೆ ಮುಂದಿನದು ಏನು ಅಂತ ಅದಕ್ಕೇ ಗೊತ್ತಾಗುತ್ತೆ. ಅದೇ ಅದರ ಖುಷಿ. ಅದರ ಗಂಟಲಿಗೂ ನಾಲ್ಕೈದು ಸ್ವರ ಸಾಕು."

"ಮಕ್ಕಳನ್ನ ಎತ್ತರಕ್ಕೆ ಏರಿಸಬೇಕಮ್ಮ!" ಎಂದು ಆತ ತಾನೇ ಬರೆದ ಹಾಡನ್ನು ಮುಂದಿಟ್ಟ. 'ಓ ಅರುಣೋದಯದ ಕಂದಮ್ಮಗಳೇ, ಭವ್ಯ ಭವಿಷ್ಯದ ಶಿಲ್ಪಿಗಳೇ, ಸ್ವಾತಂತ್ರ್ಯದ ಪತಾಕೆಯನು ದಿಗಂತದಾಚೆಗೆ ಹಾರಿಸಿರಿ.' ನೀದಿಯಾಗೆ ಮೈಯೆಲ್ಲ ಉರಿಯಿತು. ಚಡ್ಡಿ ಒದ್ದೆಯಾದರೆ ಹೇಳಲು ಈಗಷ್ಟೇ ಕಲಿಯುತ್ತಿರುವ ಕೂಸುಗಳು ದಿಗಂತದಾಚೆಗೆ ಏನನ್ನು ಹಾರಿಸಬೇಕು?

"ಇನ್ನು ದೊಡ್ಡ ಮಕ್ಕಳ ಹಾಡು," ಎಂದು ಆತ ಮಾತೆ ಎಂಬ ಕಹಿಸೊಪ್ಪಿನ ಚಹಾದ ಲೋಟಕ್ಕೆ ಬಿಸಿನೀರು ಬಗ್ಗಿಸಿಕೊಂಡು, ಕೆಂಪು ಗೀಟು ಹೊಡೆದ ಸಾಲುಗಳನ್ನು ಬೆರಳಿಟ್ಟು ಓದಿದ.

'ಮೇಜಿನ ಸುತ್ತ ಮಾತೇ ಮಾತು,
ನನ್ನ ಕುರ್ಚಿಯೂ ಅಲ್ಲೇ ಇತ್ತು,
ನಾನು ಎದ್ದು ಹೋದದ್ದು
ತಟ್ಟೆಗೆ ಮಾತ್ರ ಗೊತ್ತು.'

"ಯಾವ ಮಗು ಹೀಗೆ ಯೋಚಿಸುತ್ತೆ ಹೇಳಿ? ಇದು ನಿಮ್ಮ ದುಃಖ. ಅವುಗಳ ಬಾಯಿಗೆ ತುರುಕಿದ್ದೀರಿ."

ನೀದಿಯಾ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಆ ಸಾಲುಗಳು ಅವಳವಲ್ಲ. ಮುರ್ಗಾ ತಂಡದ ಹಾಡು ಹುಟ್ಟುವುದೇ ಮಕ್ಕಳ ನಡುವೆ. ಎಲ್ಲರೂ ತಾಲೀಮಿನ ಕೋಣೆಯ ನೆಲದ ಮೇಲೆ ಸುತ್ತ ಕೂರುತ್ತಾರೆ, ಒಬ್ಬೊಬ್ಬರೂ ಒಂದೊಂದು ಮಾತು ಹೇಳುತ್ತಾರೆ, ಅವಳು ಅದಕ್ಕೆ ತಾಳ ಕೂಡಿಸುತ್ತಾಳೆ. ಹೇಳಿದವರ ಹೆಸರು ಆ ಕೋಣೆಯಿಂದ ಹೊರಗೆ ಹೋಗಕೂಡದು, ಅದು ಕಟ್ಟುಪಾಡು. ಈ ನಾಲ್ಕು ಸಾಲು ಹೇಳಿದವಳು ಅಬ್ರಿಲ್. ಎದುರಿಗೆ ಮಾತೆ ಹೀರುತ್ತಿದ್ದವನ ಸ್ವಂತ ಮೊಮ್ಮಗಳು.

"ದೊಡ್ಡವರು ಹೋದ ವರ್ಷದ ಬಾತುಮರಿ ಹಾಡು ಹಾಡಲಿ," ಎಂದ ಆತ. "ಜನ ಎಷ್ಟು ಮೆಚ್ಚಿದ್ರು!"

"ಅದು ಪುಟಾಣಿಗಳ ಹಾಡು! ಹನ್ನೆರಡು ವರ್ಷದವರಿಗೆ ಅದನ್ನ ಕೊಟ್ರೆ ಅವಮಾನ ಮಾಡಿದ ಹಾಗೆ. ಅವರಿಗೆ ಗೆಳೆತನ ಮುರಿಯೋದು ಗೊತ್ತು, ಅನ್ಯಾಯ ಗೊತ್ತು, ಒಳಗೊಂದು ಹೊರಗೊಂದು ಮಾತಾಡಿ ನಗಿಸೋಕೂ ಗೊತ್ತು."

"ಮಕ್ಕಳು ಅಂದ್ರೆ ಮಕ್ಕಳಪ್ಪ, ಎರಡಾದ್ರೇನು, ಹನ್ನೆರಡಾದ್ರೇನು? ಹಾಡಿದ್ರೆ ಬಾತುಮರಿ. ಇಲ್ಲಾಂದ್ರೆ ನಿಮ್ಮ ತಂಡಕ್ಕೆ ವೇದಿಕೆನೂ ಇಲ್ಲ, ತಾಲೀಮಿಗೆ ಕೋಣೆನೂ ಇಲ್ಲ."

ಕೋಣೆ ಹೋದರೆ ತಂಡವೇ ಹೋದಂತೆ. ಅಬ್ರಿಲ್ ಬಾಯಿ ಬಿಡುತ್ತಿದ್ದದ್ದು ಆ ಒಂದೇ ಜಾಗದಲ್ಲಿ.

ಸಂಜೆ ತಾಲೀಮಿನಲ್ಲಿ ನೀದಿಯಾ ವಿಷಯ ತಿಳಿಸಿದಾಗ ಮಕ್ಕಳು ಮೊದಲು ನಕ್ಕರು. ಅವಳು ತಮಾಷೆ ಮಾಡುತ್ತಿಲ್ಲವೆಂದು ಗೊತ್ತಾದ ಮೇಲೆ ಯಾರೂ ನಗಲಿಲ್ಲ.

"ಕ್ವಾಕ್ ಅನ್ಬೇಕಾ ಟೀಚರ್?" ಎಂದ ನವೆಲ್. ಅವನ ಗಂಟಲು ಒಡೆಯುತ್ತಿತ್ತು, ಮಾತು ಅರ್ಧದಲ್ಲೇ ಕೀಚಲಾಯಿತು. "ನನ್ನ ಕ್ಲಾಸಿನವರೆಲ್ಲ ಮುಂದಿನ ಸಾಲಲ್ಲೇ ಕೂತಿರ್ತಾರೆ. ಹೈಸ್ಕೂಲು ಮುಗಿಯೋವರೆಗೂ ನನ್ನ ಹೆಸರು ಬಾತುಮರಿನೇ."

"ನಾನು ಬರಲ್ಲ," ಎಂದು ಇನ್ನೊಬ್ಬಳು ಚೀಲ ಹೆಗಲಿಗೇರಿಸಿದಳು.

ಅಬ್ರಿಲ್ ಮಾತ್ರ ಕುಳಿತೇ ಇದ್ದಳು. "ಯಾವ ಸಾಲಿಗೆ ಗೀಟು ಹೊಡೆದ್ರು?" ಎಂದು ಮೆಲ್ಲಗೆ ಕೇಳಿದಳು.

ನೀದಿಯಾ ಸುಳ್ಳು ಹೇಳಲಿಲ್ಲ. ಹುಡುಗಿ ತಲೆಯಾಡಿಸಿದಳು, ಚೀಲ ಎತ್ತಿದ್ದವಳ ಕಡೆ ತಿರುಗಿದಳು. "ಹೋಗ್ಬೇಡ್ವೇ. ಬಾತುಮರಿ ಹಾಡೋಣ. ಹೇಗೆ ಅಂತ ನಾನು ಹೇಳ್ತೀನಿ."

ಕಾರ್ನಿವಲ್ಲಿನ ಸಂಜೆ ಬೀದಿಯ ವೇದಿಕೆಯ ಮುಂದೆ ಬಡಾವಣೆಯೆಲ್ಲ ಸೇರಿತ್ತು. ಮೊದಲು ಪುಟಾಣಿಗಳನ್ನು ಹತ್ತಿಸಿದರು. ಧ್ವನಿವರ್ಧಕದಲ್ಲಿ ಅರುಣೋದಯದ ಹಾಡು ಮೊಳಗಿತು. ಪುಟಾಣಿಗಳು ಪಿಳಿಪಿಳಿ ನೋಡುತ್ತ ನಿಂತವು. ಭವ್ಯ ಭವಿಷ್ಯದ ಶಿಲ್ಪಿಯೊಬ್ಬ ಕೂತು ಷೂ ಬಿಚ್ಚತೊಡಗಿದ, ಇನ್ನೊಬ್ಬಳು ಅಮ್ಮ ಎಂದು ಅಳಲು ಶುರುಮಾಡಿದಳು. ಪತಾಕೆ ದಿಗಂತ ತಲುಪುವ ಹೊತ್ತಿಗೆ ಅರ್ಧದಷ್ಟು ಮಕ್ಕಳು ಅಳುತ್ತಿದ್ದವು. ತನ್ನ ಸಾಹಿತ್ಯ ಕೇಳಿಸಲೆಂದು ಎರಡು ವರ್ಷದವರನ್ನು ಗೊಂಬೆಗಳಂತೆ ನಿಲ್ಲಿಸಿ ಅಳಿಸಿದ್ದಲ್ಲದೆ, ಆ ಮನುಷ್ಯ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆಯನ್ನೂ ತಟ್ಟುತ್ತಿದ್ದ! ನೀದಿಯಾಗೆ ಹೋಗಿ ಆ ಕೈ ಹಿಡಿದು ನಿಲ್ಲಿಸಬೇಕೆನಿಸಿತು.

ಆಮೇಲೆ ಮುರ್ಗಾ ತಂಡ ಹತ್ತಿತು. ಮುಖಕ್ಕೆಲ್ಲ ಬಣ್ಣ, ಮೈಗೆ ಮಿರುಗುವ ಅಂಗಿ. ಡೋಲು, ತಾಳ ಸದ್ದು ಮಾಡಿದವು. "ಈಗ ಬಾತುಮರಿ ಹಾಡು," ಎಂದು ಘೋಷಣೆಯಾದ ಕೂಡಲೇ ಶಾಲೆಯ ಹುಡುಗರ ಗುಂಪು ಕಿಸಕ್ಕೆಂದಿತು. ನವೆಲ್‌ನ ಕಿವಿ ಬಣ್ಣದ ಅಂಚಿನಲ್ಲಿ ಕೆಂಪಾದದ್ದು ನೀದಿಯಾಗೆ ಕಂಡಿತು.

ಅಬ್ರಿಲ್ ಮೈಕಿನ ಮುಂದೆ ಬಂದಳು. "ಈ ಹಾಡು ನಮ್ಮದಲ್ಲ," ಎಂದಳು. "ಇದರ ಯಜಮಾನರು ಕೆಳಗೆ ಅಳ್ತಾ ಇದ್ದಾರೆ. ಬನ್ರೋ ಮೇಲೆ!"

ದೊಡ್ಡವರು ಇಳಿದು ಒಬ್ಬೊಬ್ಬ ಪುಟಾಣಿಯನ್ನು ಕೈಹಿಡಿದು ತಂದರು. ನವೆಲ್ ಮೊಣಕಾಲೂರಿ, ಷೂ ಬಿಚ್ಚಿದ್ದವನ ಮುಖಕ್ಕೆ ಮುಖವಿಟ್ಟು, ನಿಧಾನವಾಗಿ, ಕೆಳಸ್ವರದಲ್ಲಿ ಹಾಡಿದ. "ಬಾತುಮರಿ ಬಂತು. ಏನಂತು?" ಎಂದು ನಿಲ್ಲಿಸಿ ಕಾದ. ಪುಟಾಣಿ ಬಾಯಿ ತೆರೆದು ಯೋಚಿಸಿತು. "ಕ್ವಾಕ್!"

ಎಲ್ಲ ಪುಟಾಣಿಗಳೂ ಕ್ವಾಕ್ ಎಂದವು. ಮತ್ತೆ ಕೇಳಿದರೆ ಮತ್ತೆ ಎಂದವು. ಕಿಸಕ್ಕೆಂದಿದ್ದ ಹುಡುಗರೂ ಈಗ ಚಪ್ಪಾಳೆಯಲ್ಲಿ ಸೇರಿದರು. ಮಗುವಿಗಾಗಿ ಹಾಡುವ ಹುಡುಗನನ್ನು ಗೇಲಿ ಮಾಡಲು ಅವರಿಗೆ ಮನಸ್ಸು ಬರಲಿಲ್ಲ.

ಪುಟಾಣಿಗಳು ತಾಯಂದಿರ ತೊಡೆ ಸೇರಿದವು. ದೊಡ್ಡವರು ಇಳಿಯಲಿಲ್ಲ. ಡೋಲು ಇನ್ನೊಂದು ತಾಳ ಹಿಡಿಯಿತು. ದೊನ್ ವಾಷಿಂಗ್ಟನ್ ಧಡಕ್ಕನೆ ಎದ್ದು, "ಮೈಕ್ ನಿಲ್ಲಿಸಿ!" ಎಂದ. ಮೈಕು ಸತ್ತಿತು. ಆದರೆ ಬಾಯ್ತುಂಬ ಹಾಡಿ ಬೀದಿಯ ಆ ತುದಿಗೆ ಮುಟ್ಟಿಸುವುದನ್ನೇ ಮುರ್ಗಾ ಎನ್ನುವುದು. ಮೇಜು, ಕುರ್ಚಿ, ತಟ್ಟೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿದವು. ಆ ನಾಲ್ಕು ಸಾಲನ್ನು ಅಬ್ರಿಲ್ ಒಬ್ಬಳೇ ಹಾಡಿದಳು. ಮುಂದಿನ ಸಾಲಿನ ಹುಡುಗರು ನಗಲಿಲ್ಲ. ಒಬ್ಬ ತಲೆ ತಗ್ಗಿಸಿ ನೆಲ ನೋಡುತ್ತಿದ್ದ.

ಹಾಡು ಮುಗಿಯುವುದನ್ನೇ ಕಾದಿದ್ದ ದೊನ್ ವಾಷಿಂಗ್ಟನ್ ವೇದಿಕೆಯ ಮೆಟ್ಟಿಲ ಬಳಿಗೆ ಧಾವಿಸಿದ. ಮೊದಲು ಸಿಕ್ಕವಳು ನೀದಿಯಾ.

"ನನ್ನ ಮೊಮ್ಮಗಳ ಬಾಯಲ್ಲಿ ಇಂಥ ಮಾತು ಹಾಡಿಸ್ತೀರಾ? ಬಡಾವಣೆಯವರೆಲ್ಲ ಏನಂದ್ಕೊಳ್ತಾರೆ? ಯಾರ ಮನೆಯಲ್ಲಿ ಹೀಗಿರುತ್ತೆ ಹೇಳಿ!"

ನೀದಿಯಾ ಬಾಯಿಗೆ ಬಂದದ್ದನ್ನು ನುಂಗಿದಳು. ಹೆಸರು ಕೋಣೆಯಿಂದ ಹೊರಗೆ ಬರಕೂಡದು. "ಅದನ್ನ ನಾನು ಹೇಳಕೂಡದು ದೊನ್," ಎಂದಳು.

"ಟೀಚರ್‌ನ ಬೈಬೇಡಿ ಅಜ್ಜ." ಅಬ್ರಿಲ್ ಮೆಟ್ಟಿಲಿಳಿದು ಬಂದು ನಿಂತಿದ್ದಳು. ಕೆನ್ನೆಯ ಬಣ್ಣ ಬೆವರಿಗೆ ಕದಡಿತ್ತು. "ಆ ಸಾಲು ನಂದು."

"ನಿಂದಾ? ಯಾವಾಗ ಬರೆದೆ?"

"ಅವತ್ತೊಂದು ಭಾನುವಾರ, ನಿಮ್ಮನೇಲಿ ಎಲ್ಲರೂ ಮೇಜಿನ ಸುತ್ತ ಊಟಕ್ಕೆ ಕೂತು ರವಿಯೋಲಿ ತಿಂತಿದ್ವಲ್ಲ, ಆಗ. ನೀವು ಮಕ್ಕಳ ಬಗ್ಗೆ ಭಾಷಣ ಮಾಡ್ತಿದ್ರಿ. ನಾನು ಎದ್ದು ಒಳಗೆ ಹೋಗಿ ಬರೆದೆ."